ಹಳದಿಗಟ್ಟಿದ ಬಿಳಿಯ ಬಟ್ಟೆಗೆ ಯಾವುದು ತಕ್ಕುದು?

(ಸಂಘದ ಪೋಷಕರ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಸಭೆಯಲ್ಲಿ ಬಟ್ಟೆ ಒಗೆಯುವ ವಿಷಯವೇ ಎಂದು ತಾವು ಆಶ್ಚರ್ಯಪಡಬಹುದು. ಕಾರಣವಿಷ್ಟು. ನಮ್ಮ ಸಂಘದ ಹಿರಿಯರು ವಾರ್ಷಿಕೋತ್ಸವಕ್ಕೆಂದು ದಾನವಾಗಿ ಕೊಟ್ಟ ಎಂಟು ಬಿಳಿಯ ಹತ್ತಿಯ ಮೇಜುಹಾಸುಗಳು ತಗಡಿನ ಪೆಟ್ಟಿಗೆಯಲ್ಲಿದ್ದು ಹಳದಿಗಟ್ಟಿದ್ದವು. ಅವನ್ನು ಬೆಳ್ಳಗೆ ಮಾಡುವ ಉಪಾಯವನ್ನು ಕೇಳಿದಾಗ ಒಬ್ಬರು ಬ್ಲೀಚು ಎಂದರು, ಇನ್ನೊಬ್ಬರು ಈಚೆಗೆ ಅಂಗಡಿಗಳಲ್ಲಿ ಬರುತ್ತಿರುವ ಆಕ್ಸಿಜನ್ ಪುಡಿ ಎಂದರು, ಮತ್ತೊಬ್ಬರು ವಿನೆಗರ್ ಎಂದರು. ಮೂವರೂ ತಮ್ಮ ತಮ್ಮ ಮನೆಯ ಅನುಭವದಿಂದಲೇ ಹೇಳಿದವರು. ಈ ಮೂರು ಪದಾರ್ಥಗಳು ಮಾಡುವ ಕೆಲಸ ಮಾತ್ರ ಒಂದೇ ಅಲ್ಲ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹಾಕಿದರೆ ಬಟ್ಟೆ ಹಾಳಾಗುತ್ತದೆ; ಎರಡನ್ನು ಕೂಡಿಸಿದರೆ ಪ್ರಾಣಕ್ಕೇ ಅಪಾಯವುಂಟು. ಆದುದರಿಂದ ಇವುಗಳ ಗುಣವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ಬಟ್ಟೆ ಏಕೆ ಹಳದಿಯಾಗುತ್ತದೆ ಎಂಬುದನ್ನು ನೋಡೋಣ. ನಮ್ಮ ಹೊಸೂರು, ತಳಿ, ಕೃಷ್ಣಗಿರಿ ಸೀಮೆ ಕಲ್ಲುನೆಲ. ಇಲ್ಲಿಯ ಕೊಳವೆಬಾವಿಯ ನೀರು ಬಂಡೆಯ ಸಂದಿನಲ್ಲಿ ಬಹುಕಾಲ ನಿಂತು ಸುಣ್ಣದ ಅಂಶವನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಈ ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ. ಸುಣ್ಣದೊಡನೆ ಸೇರಿ ನೀರಿನಲ್ಲಿ ಕರಗದ ಜಿಡ್ಡಾಗಿ ನೂಲಿನ ಎಳೆಗಳ ನಡುವೆ ಕೂರುತ್ತದೆ. ಅದರ ಮೇಲೆ ಮೈಯ ಬೆವರು, ತಲೆಯ ಎಣ್ಣೆ, ಊಟದ ಜಿಡ್ಡು ಸೇರಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇದ್ದಾಗ ಈ ಜಿಡ್ಡು ಗಾಳಿಯೊಡನೆ ಕೂಡಿ ಕಮಟಿ ಹಳದಿಯಾಗುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿ ಇಟ್ಟ ಬಟ್ಟೆಯಲ್ಲಿ ಗಂಜಿಯೂ ಬಣ್ಣ ತಿರುಗುತ್ತದೆ. ಇವಲ್ಲದೆ ಹಳೆಯ ಕೊಳಾಯಿಯಿಂದಲೋ ಪೆಟ್ಟಿಗೆಯ ತಗಡಿನಿಂದಲೋ ಬಂದ ಕಬ್ಬಿಣದ ತುಕ್ಕಿನ ಚುಕ್ಕೆಗಳೂ ಉಂಟು. ಕಡೆಯದಾಗಿ, ಹತ್ತಿಯ ನಾರು ತಾನೇ ವಯಸ್ಸಾಗಿ ಸ್ವಲ್ಪ ಹಳದಿಗೆ ತಿರುಗುವುದೂ ಉಂಟು. ಹೀಗೆ ಸುಣ್ಣ, ಜಿಡ್ಡು, ತುಕ್ಕು, ನಾರಿನ ಮುಪ್ಪು ಎಂಬ ನಾಲ್ಕು ಕಾರಣಗಳು ಕಣ್ಣಿಗೆ ಒಂದೇ ಹಳದಿಯಾಗಿ ಕಾಣುತ್ತವೆ. ಔಷಧ ಮಾತ್ರ ಬೇರೆ ಬೇರೆ.

ನೀಲಿ ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ನೀಲಿಯು ಹಳದಿಯನ್ನು ಮರೆಮಾಡುತ್ತದೆ, ತೆಗೆಯುವುದಿಲ್ಲ. ಹಳದಿ ಹೆಚ್ಚಾದ ಬಟ್ಟೆಗೆ ನೀಲಿ ಹೆಚ್ಚು ಹಾಕಿದರೆ ಬಟ್ಟೆ ಹಸುರು ಛಾಯೆಗೆ ತಿರುಗುತ್ತದೆ.

ನಮ್ಮ ಹಳ್ಳಿಯ ಮಡಿವಾಳರು ಈ ಕೆಲಸವನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಚೌಳುಮಣ್ಣಿನ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಕೆರೆಯ ನೀರಿನಲ್ಲಿ ಜಾಲಿಸಿ, ಹುಲ್ಲಿನ ಮೇಲೆ ಬಿಸಿಲಿಗೆ ಹರಡುತ್ತಿದ್ದರು. ಚೌಳಿನ ಕ್ಷಾರವು ಬಿಸಿಯೊಡನೆ ಜಿಡ್ಡನ್ನು ತೆಗೆಯುತ್ತಿತ್ತು. ಒದ್ದೆ ಬಟ್ಟೆಯ ಮೇಲೆ ಬಿದ್ದ ಬಿಸಿಲು, ಗಾಳಿಯ ಆಮ್ಲಜನಕದೊಡನೆ ಸೇರಿ ಉಳಿದ ಬಣ್ಣವನ್ನು ಮುರಿಯುತ್ತಿತ್ತು. ಯೂರೋಪಿನಲ್ಲಿಯೂ ಇದೇ ಪದ್ಧತಿ. ಅಲ್ಲಿ ನಾರುಬಟ್ಟೆಯನ್ನು ಬೂದಿಯ ಕ್ಷಾರದಲ್ಲಿ ಬೇಯಿಸಿ, ಹುಲ್ಲುಗಾವಲಿನಲ್ಲಿ ಹರಡಿ, ನಡುನಡುವೆ ಹುಳಿಮಜ್ಜಿಗೆಯಲ್ಲಿ ನೆನೆಸುತ್ತಿದ್ದರು. ಬಟ್ಟೆ ಪೂರ್ತಿ ಬಿಳುಪಾಗಲು ತಿಂಗಳುಗಳೇ ಹಿಡಿಯುತ್ತಿದ್ದವು. 1774ರಲ್ಲಿ ಷೀಲೆ ಎಂಬ ವಿಜ್ಞಾನಿ ಕ್ಲೋರಿನ್ ಅನಿಲವನ್ನು ಕಂಡುಹಿಡಿದನು. 1785ರ ಸುಮಾರಿಗೆ ಫ್ರಾನ್ಸಿನ ಬರ್ತೊಲೆ ಅದರಿಂದ ಬಟ್ಟೆಯನ್ನು ಬಿಳುಪು ಮಾಡಬಹುದೆಂದು ತೋರಿಸಿದನು. 1799ರಲ್ಲಿ ಗ್ಲಾಸ್ಗೋ ನಗರದ ಟೆನೆಂಟ್ ಎಂಬಾತ ಚಲುವೆ ಪುಡಿಗೆ ಹಕ್ಕುಪತ್ರ ಪಡೆದನು. ತಿಂಗಳುಗಳ ಕೆಲಸ ಅಂದಿನಿಂದ ಗಂಟೆಗಳಿಗೆ ಇಳಿಯಿತು. ಆಮ್ಲಜನಕದಿಂದ ಬಿಳುಪು ಮಾಡುವ ಹೈಡ್ರೊಜನ್ ಪೆರಾಕ್ಸೈಡನ್ನು ಥೆನಾರ್ 1818ರಲ್ಲಿ ತಯಾರಿಸಿದನು. ಇಂದು ನಮ್ಮ ಮುಂದಿರುವ ಮೂರು ಪದಾರ್ಥಗಳು ಈ ಹಳೆಯ ಪದ್ಧತಿಯ ಮೂರು ತುಂಡುಗಳೇ: ಹುಳಿಮಜ್ಜಿಗೆಯ ಸ್ಥಾನದಲ್ಲಿ ವಿನೆಗರ್, ಕ್ಷಾರ ಮತ್ತು ಬಿಸಿಲಿನ ಸ್ಥಾನದಲ್ಲಿ ಆಕ್ಸಿಜನ್ ಪುಡಿ, ಅವಸರದವರಿಗೆ ಕ್ಲೋರಿನ್.

ವಿನೆಗರನ್ನು ಮೊದಲು ತೆಗೆದುಕೊಳ್ಳೋಣ. ಅದು ನೀರಿನಲ್ಲಿ ನೂರಕ್ಕೆ ನಾಲ್ಕೈದು ಭಾಗ ಅಸಿಟಿಕ್ ಆಮ್ಲವಿರುವ ದ್ರವ. ಅದಕ್ಕೆ ಬಣ್ಣವನ್ನು ಮುರಿಯುವ ಶಕ್ತಿಯಿಲ್ಲ. ಅದು ಬ್ಲೀಚು ಅಲ್ಲವೇ ಅಲ್ಲ. ಅದು ಸುಣ್ಣವನ್ನು ಕರಗಿಸುತ್ತದೆ, ಬಟ್ಟೆಯಲ್ಲಿ ಉಳಿದ ಕ್ಷಾರವನ್ನು ಅಡಗಿಸುತ್ತದೆ, ಅಷ್ಟೆ. ಗಡಸು ನೀರಿನಿಂದ ಬಿರುಸಾಗಿ, ಬೂದುಬಣ್ಣಕ್ಕೆ ತಿರುಗಿದ ಟವೆಲ್ಲನ್ನು ವಿನೆಗರಿನ ನೀರಿನಲ್ಲಿ ಅದ್ದಿದರೆ ಮೆದುವಾಗಿ, ಒಂದಿಷ್ಟು ತಿಳಿಯಾಗಿ ಕಾಣುತ್ತದೆ. ಅದನ್ನು ಕಂಡವರು ವಿನೆಗರ್ ಬೆಳ್ಳಗೆ ಮಾಡಿತು ಎನ್ನುತ್ತಾರೆ. ನಿಜವಾಗಿ ಅದು ಸುಣ್ಣವನ್ನು ಮಾತ್ರ ತೆಗೆದಿದೆ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸುಣ್ಣದ ಸೋಪಿಗೆ ಆಮ್ಲ ತಗುಲಿದಾಗ ಸುಣ್ಣ ನೀರಿಗೆ ಹೋಗುತ್ತದೆ, ಸೋಪಿನ ಕೊಬ್ಬಿನ ಅಂಶ ಬಟ್ಟೆಯಲ್ಲಿಯೇ ಉಳಿಯುತ್ತದೆ. ಅದನ್ನು ತೆಗೆಯಲು ಬಿಸಿನೀರೂ ಕ್ಷಾರವೂ ಬೇಕು. ಆದುದರಿಂದ ವಿನೆಗರಿನಿಂದ ಕೆಲಸ ಆರಂಭವಾಗಬಹುದೇ ಹೊರತು ಮುಗಿಯುವುದಿಲ್ಲ.

ಕ್ಲೋರಿನ್ ಬ್ಲೀಚು ಎಂದರೆ ಸೋಡಿಯಂ ಹೈಪೊಕ್ಲೋರೈಟ್ ಎಂಬ ಲವಣದ ದ್ರಾವಣ. ಅಂಗಡಿಯ ಸೀಸೆಯಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದು ಭಾಗವಿರುತ್ತದೆ. ಬೇಸಗೆಯ ಸೆಕೆಯಲ್ಲಿ ಇದರ ಸತ್ತ್ವ ಬೇಗ ಕುಂದುವುದರಿಂದ ತಯಾರಾದ ದಿನಾಂಕವನ್ನು ನೋಡಿ ಕೊಳ್ಳಬೇಕು. ಇದರ ಬಲ ದೊಡ್ಡದು: ತಣ್ಣೀರಿನಲ್ಲಿ ಹತ್ತು ನಿಮಿಷದಲ್ಲಿ ಕೆಲಸ ಮಾಡುತ್ತದೆ, ಮಳೆಗಾಲದ ಬೂಷ್ಟಿನ ಕಪ್ಪು ಚುಕ್ಕೆಗಳನ್ನು ಅಳಿಸುತ್ತದೆ, ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಅದಕ್ಕೆ ಕೊಳೆ ಯಾವುದು, ನಾರು ಯಾವುದು ಎಂಬ ವಿವೇಕವಿಲ್ಲ. ಬಣ್ಣವನ್ನು ಮುರಿದ ಮೇಲೆ ಹತ್ತಿಯ ನಾರನ್ನೂ ಮುರಿಯುತ್ತದೆ. ಹೀಗೆ ಕೆಟ್ಟ ನಾರು ಬಲಹೀನವಾಗುವುದಲ್ಲದೆ, ಇಸ್ತ್ರಿಯ ಬಿಸಿಯಲ್ಲಿಯೂ ಪೆಟ್ಟಿಗೆಯಲ್ಲಿಯೂ ತಾನೇ ಮತ್ತೆ ಹಳದಿಯಾಗುತ್ತದೆ. ಬೆವರು, ಹಾಲು ಮುಂತಾದವುಗಳ ಪ್ರೋಟೀನ್ ಬಟ್ಟೆಯಲ್ಲಿ ಉಳಿದಿದ್ದರೆ ಕ್ಲೋರಿನ್ ಅದರೊಡನೆ ಕೂಡಿ ಹಳದಿಯನ್ನು ಹೆಚ್ಚಿಸುವುದೂ ಉಂಟು. ರೇಷ್ಮೆಗೂ ಉಣ್ಣೆಗೂ ಇದನ್ನು ಮುಟ್ಟಿಸಲೇಬಾರದು. ಅವು ಮೊದಲು ಹಳದಿಯಾಗಿ ಆಮೇಲೆ ಕರಗಿಯೇ ಹೋಗುತ್ತವೆ. ಕಬ್ಬಿಣದ ಅಂಶವಿರುವ ಕೊಳವೆಬಾವಿಯ ನೀರಿಗೆ ಇದನ್ನು ಹಾಕಿದರೆ ಕರಗಿದ್ದ ಕಬ್ಬಿಣ ತುಕ್ಕಾಗಿ ಇಡೀ ಬಟ್ಟೆಗೆ ಕಂದು ಛಾಯೆ ಕೊಡುತ್ತದೆ. ಬಕೆಟ್ಟಿನ ನೀರಿಗೆ ಬ್ಲೀಚು ಬಿದ್ದೊಡನೆ ನೀರು ಚಹದ ಬಣ್ಣಕ್ಕೆ ತಿರುಗಿದರೆ ಬಟ್ಟೆಯನ್ನು ಅದರೊಳಕ್ಕೆ ಹಾಕಬೇಡಿರಿ.

ಆಕ್ಸಿಜನ್ ಬ್ಲೀಚು ಎಂದು ಮಾರುವುದು ಬಿಳಿಯ ಹರಳುಪುಡಿ. ಪೊಟ್ಟಣದ ಮೇಲೆ ಸೋಡಿಯಂ ಪರ್ಕಾರ್ಬೊನೇಟ್ ಎಂಬ ಹೆಸರಿದೆಯೇ ಎಂದು ನೋಡಿರಿ. ನೀರಿಗೆ ಬಿದ್ದೊಡನೆ ಇದು ಎರಡಾಗಿ ಒಡೆಯುತ್ತದೆ: ಒಂದು ಭಾಗ ಹೈಡ್ರೊಜನ್ ಪೆರಾಕ್ಸೈಡ್, ಇನ್ನೊಂದು ಭಾಗ ಬಟ್ಟೆಸೋಡ. ಸೋಡ ಜಿಡ್ಡನ್ನು ಬಿಡಿಸುತ್ತದೆ, ಪೆರಾಕ್ಸೈಡು ಬಣ್ಣವನ್ನು ಮುರಿಯುತ್ತದೆ. ಉಬ್ಬೆ ಮತ್ತು ಬಿಸಿಲು ಒಂದೇ ಪುಡಿಯಲ್ಲಿ ಸೇರಿದಂತೆ. ಹತ್ತಿಯ ನಾರಿಗೆ ಇದರ ಕಾಟ ಕ್ಲೋರಿನ್ನಿಗಿಂತ ಬಹಳ ಕಡಮೆ. ಆದರೆ ಇದಕ್ಕೆ ಎರಡು ಬೇಡಿಕೆಗಳಿವೆ. ಮೊದಲನೆಯದು ಬಿಸಿ. ತಣ್ಣೀರಿನಲ್ಲಿ ಪುಡಿಯ ಕೆಲಸ ಬಹಳ ನಿಧಾನ. 50ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಎರಡನೆಯದು ಕಾಲ. ಹತ್ತು ನಿಮಿಷ ಸಾಲದು, ನಾಲ್ಕರಿಂದ ಎಂಟು ಗಂಟೆ ನೆನೆಯಬೇಕು. ಇದರ ಕ್ಷಾರ ರೇಷ್ಮೆ, ಉಣ್ಣೆಗಳಿಗೆ ಆಗದು.

ಉಷ್ಣಮಾಪಕವಿಲ್ಲದ ಮನೆಯಲ್ಲಿ ಬಿಸಿಯನ್ನು ಅಳೆಯುವುದು ಸುಲಭ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರು ಒಂದು ಪಾಲು, 25 ಡಿಗ್ರಿಯ ಕೊಳಾಯಿ ನೀರು ಒಂದು ಪಾಲು ಕೂಡಿಸಿದರೆ ಸುಮಾರು 61 ಡಿಗ್ರಿ ಬರುತ್ತದೆ. ಬಕೆಟ್ಟಿಗೆ ಸುರಿಯುವಾಗ ಒಂದಿಷ್ಟು ಆರಿ ನಮಗೆ ಬೇಕಾದ ಹದಕ್ಕೇ ನಿಲ್ಲುತ್ತದೆ. ಇಷ್ಟು ಬಿಸಿಗೆ ಕೈ ಹಾಕಬಾರದು, ಕೋಲಿನಿಂದ ಕಲಕಬೇಕು.

ಈಗ ಮೇಜಿನ ಮೇಲಿರುವ ತುಂಡುಗಳನ್ನು ತಾವು ನೋಡಬಹುದು. ಹರಿದ ಒಂದು ಹಳೆಯ ಹಾಸಿಗೆಬಟ್ಟೆಯಿಂದ ಗೇಣಗಲದ ನಾಲ್ಕು ಪಟ್ಟಿಗಳನ್ನು ಕತ್ತರಿಸಿ ನಮ್ಮ ಹತ್ತನೆಯ ತರಗತಿಯ ಮಕ್ಕಳು ಈ ಪರೀಕ್ಷೆಯನ್ನು ಮಾಡಿದರು. ಒಂದನ್ನು ಹಾಗೆಯೇ ಇಟ್ಟರು. ಎರಡನೆಯದನ್ನು ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಸೇರಿಸಿ ಅರ್ಧ ಗಂಟೆ ನೆನೆಸಿದರು. ಅದು ಮೆದುವಾಯಿತು, ಬಣ್ಣ ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ತಿಳಿ, ಹಳದಿ ಹೋಗಲಿಲ್ಲ. ಮೂರನೆಯದನ್ನು ಒಂದು ಲೀಟರು ತಣ್ಣೀರಿಗೆ 10 ಮಿಲಿಲೀಟರು ಬ್ಲೀಚು ಹಾಕಿ ಹತ್ತು ನಿಮಿಷ ಬಿಟ್ಟರು. ಅಂದು ಅದೇ ಎಲ್ಲಕ್ಕಿಂತ ಬೆಳ್ಳಗಿತ್ತು. ನಾಲ್ಕನೆಯದನ್ನು ಒಂದು ಲೀಟರು ಬಿಸಿನೀರಿಗೆ 6 ಗ್ರಾಂ ಆಕ್ಸಿಜನ್ ಪುಡಿ ಹಾಕಿ ಆರು ಗಂಟೆ ನೆನೆಸಿದರು. ಅದು ಬೆಳ್ಳಗಾಯಿತು, ಮೂರನೆಯದರ ಹೊಳಪು ಮಾತ್ರ ಬರಲಿಲ್ಲ.

ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಕ್ಲೋರಿನ್ನಿನ ಪಟ್ಟಿಯನ್ನು ಎರಡಾಗಿ ಹರಿದು, ಒಂದು ತುಂಡನ್ನು ನಾಲ್ಕು ನೀರಿನಲ್ಲಿ ಜಾಲಿಸಿದರು, ಇನ್ನೊಂದನ್ನು ಒಂದೇ ನೀರಿನಲ್ಲಿ ಅದ್ದಿ ತೆಗೆದರು. ಎಲ್ಲವನ್ನೂ ಒಣಗಿಸಿ, ಇಸ್ತ್ರಿ ಮಾಡಿ, ವಿಜಯದಶಮಿಯಿಂದ ಸಂಕ್ರಾಂತಿಯ ತನಕ ಕಪಾಟಿನಲ್ಲಿ ಇಟ್ಟೆವು. ಈಗ ನೋಡಿರಿ: ಒಂದೇ ನೀರು ಕಂಡ ತುಂಡು ಕೆನೆಬಣ್ಣಕ್ಕೆ ಮರಳಿದೆ, ಮಡಿಕೆಯ ಗೆರೆಯಲ್ಲಿ ಹಿಡಿದೆಳೆದರೆ ಹರಿಯುತ್ತದೆ. ಚೆನ್ನಾಗಿ ಜಾಲಿಸಿದ ತುಂಡು ಇದಕ್ಕಿಂತ ಮೇಲು. ಆಕ್ಸಿಜನ್ನಿನ ಪಟ್ಟಿ ಅಂದು ಹೇಗಿತ್ತೋ ಇಂದೂ ಹಾಗೆಯೇ ಇದೆ. ಬಿಳುಪನ್ನು ಅಂದಿನ ಸಂಜೆಯೇ ಅಳೆದರೆ ಕ್ಲೋರಿನ್ ಗೆಲ್ಲುತ್ತದೆ. ಮೂರು ತಿಂಗಳ ಮೇಲೆ ಅಳೆದರೆ ಆಕ್ಸಿಜನ್ ಗೆಲ್ಲುತ್ತದೆ.

ಈ ಫಲವನ್ನು ಕಂಡ ಮೇಲೆ ಎಂಟು ಮೇಜುಹಾಸುಗಳ ಕೆಲಸಕ್ಕೆ ಕೈ ಹಾಕಿದೆವು. ಅವು ಗಂಜಿ ಹಾಕಿ ಇಟ್ಟವು. ಮಡಿಕೆಗಳಲ್ಲಿ ಹಳದಿ ಹೆಚ್ಚು. ಎರಡರಲ್ಲಿ ಪೆಟ್ಟಿಗೆಯ ತುಕ್ಕಿನ ಚುಕ್ಕೆಗಳಿದ್ದವು. ನಾಲ್ಕು ನಾಲ್ಕಾಗಿ ಎರಡು ಸರದಿ ಮಾಡಿದೆವು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ ಗಂಜಿಯನ್ನು ಬಿಡಿಸಿದೆವು.

ಎರಡನೆಯದಾಗಿ ತುಕ್ಕು. ಇದನ್ನು ಮೊದಲೇ ತೆಗೆಯಬೇಕಾದುದಕ್ಕೆ ಬಲವಾದ ಕಾರಣವುಂಟು. ಕಬ್ಬಿಣವು ಪೆರಾಕ್ಸೈಡನ್ನು ತಾನಿರುವ ಜಾಗದಲ್ಲಿಯೇ ರಭಸದಿಂದ ಒಡೆಯುವಂತೆ ಮಾಡುತ್ತದೆ. ಆ ಜಾಗದ ನಾರು ಸುಟ್ಟಂತಾಗಿ, ಚುಕ್ಕೆಯಿದ್ದಲ್ಲಿ ತೂತು ಬೀಳುತ್ತದೆ. ವಿನೆಗರು ತುಕ್ಕಿಗೆ ದುರ್ಬಲ. ನಿಂಬೆಯ ರಸ ಮೇಲು. ಅದರ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ. ಚುಕ್ಕೆಗೆ ನಿಂಬೆರಸ ಹಿಂಡಿ, ಉಪ್ಪು ಉದುರಿಸಿ, ಬಿಸಿಲಿನಲ್ಲಿ ಇಟ್ಟು, ಒಣಗುವ ಮೊದಲೇ ಮತ್ತೆ ರಸ ಹಿಂಡಿ, ಚುಕ್ಕೆ ಮಾಯವಾದ ಮೇಲೆ ಚೆನ್ನಾಗಿ ತೊಳೆದೆವು.

ಮೂರನೆಯದಾಗಿ ಸುಣ್ಣ. 20 ಲೀಟರು ನೀರಿಗೆ 2 ಲೀಟರು ಬಿಳಿಯ ವಿನೆಗರ್ ಹಾಕಿ ನಾಲ್ಕು ಹಾಸುಗಳನ್ನು ಅರ್ಧ ಗಂಟೆ ಅದ್ದಿದೆವು. ಇಷ್ಟು ವಿನೆಗರಿಗೆ ಹಣ ತೆರಲಾಗದವರು ನಿಂಬೆ ಉಪ್ಪು ಎಂದು ಕರೆಯುವ ಸಿಟ್ರಿಕ್ ಆಮ್ಲವನ್ನು ಲೀಟರಿಗೆ 5 ಗ್ರಾಂನಂತೆ ಬಳಸಬಹುದು. ಅನಂತರ ಹುಳಿಯ ವಾಸನೆ ಹೋಗುವ ತನಕ ಜಾಲಿಸಿದೆವು. ಹುಳಿ ಉಳಿದರೆ ಮುಂದಿನ ಹಂತದ ಸೋಡವನ್ನು ಅದು ಕೆಡಿಸುತ್ತದೆ. ವಿನೆಗರನ್ನೂ ಆಕ್ಸಿಜನ್ ಪುಡಿಯನ್ನೂ ಒಂದೇ ಬಕೆಟ್ಟಿಗೆ ಹಾಕುವವರು ಎರಡು ಪದಾರ್ಥಗಳ ಹಣವನ್ನೂ ನೀರಿಗೆ ಸುರಿದಂತೆ. ಅಲ್ಲದೆ ಕಣ್ಣು ಮೂಗುಗಳನ್ನು ಉರಿಸುವ ಬೇರೊಂದು ಆಮ್ಲವೂ ಅಲ್ಲಿ ಹುಟ್ಟಬಹುದು.

ನಾಲ್ಕನೆಯದಾಗಿ ಬಿಳುಪು. ಪ್ಲಾಸ್ಟಿಕ್ ತೊಟ್ಟಿಯಲ್ಲಿ 20 ಲೀಟರು ಬಿಸಿನೀರಿಗೆ 120 ಗ್ರಾಂ ಪುಡಿಯನ್ನು ಕರಗಿಸಿ, ಹಾಸುಗಳನ್ನು ಪೂರ್ತಿ ಮುಳುಗಿಸಿ, ಮೇಲೆ ತಟ್ಟೆಯನ್ನು ಸಡಿಲವಾಗಿ ಮುಚ್ಚಿದೆವು. ಬಿಗಿಯಾದ ಮುಚ್ಚಳ ಹಾಕಬಾರದು, ಒಳಗೆ ಆಮ್ಲಜನಕ ಹುಟ್ಟಿ ಒತ್ತಡ ಏರುತ್ತದೆ. ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ದ್ರಾವಣ ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು; ಪುಡಿ ತಳದಲ್ಲಿ ಹಾಗೆಯೇ ಕುಳಿತಿದ್ದರೆ ನೀರು ತಣ್ಣಗಿದೆ ಎಂದರ್ಥ. ಬೆಳಿಗ್ಗೆ ಹತ್ತಕ್ಕೆ ಹಾಕಿದ್ದನ್ನು ಸಂಜೆ ಐದಕ್ಕೆ ತೆಗೆದಾಗ ನೀರು ತೆಳುವಾದ ಚಹದಂತಾಗಿತ್ತು. ಆರು ಹಾಸುಗಳು ಬಿಳುಪಾದವು. ಎರಡರ ಮಡಿಕೆಗಳಲ್ಲಿ ಗೆರೆ ಉಳಿದುದರಿಂದ ಮರುದಿನ ಹೊಸ ದ್ರಾವಣ ಮಾಡಿ ಮತ್ತೊಮ್ಮೆ ನೆನೆಸಿದೆವು. ಹಳೆಯ ದ್ರಾವಣವನ್ನು ಇಟ್ಟುಕೊಂಡು ಫಲವಿಲ್ಲ, ಅದರ ಸತ್ತ್ವ ಅಂದೇ ಮುಗಿದಿರುತ್ತದೆ. ಎರಡನೆಯ ಸಲ ಒಂದರ ಗೆರೆ ಹೋಯಿತು. ಇನ್ನೊಂದರಲ್ಲಿ ಮಸುಕಾಗಿ ನಿಂತಿದೆ. ಅಲ್ಲಿ ನಾರೇ ಮುಪ್ಪಾಗಿರುವುದರಿಂದ ಮೂರನೆಯ ಸಲ ಹಾಕಲಿಲ್ಲ. ಬಟ್ಟೆ ಉಳಿಯುವುದು ಗೆರೆ ಅಳಿಯುವುದಕ್ಕಿಂತ ಮುಖ್ಯ.

ಹಾಗಾದರೆ ಕ್ಲೋರಿನ್ನಿಗೆ ಸ್ಥಳವೇ ಇಲ್ಲವೇ? ಉಂಟು. ಗಟ್ಟಿಯಾದ ಬಿಳಿಯ ಹತ್ತಿಬಟ್ಟೆಯ ಮೇಲೆ ಬೂಷ್ಟು ಕೂತಾಗ, ರೋಗಿಯ ಬಟ್ಟೆಯನ್ನು ಶುದ್ಧಿ ಮಾಡಬೇಕಾದಾಗ ಅದನ್ನೇ ಬಳಸಬೇಕು. ಆಗ 10 ಲೀಟರು ತಣ್ಣೀರಿಗೆ 100 ಮಿಲಿಲೀಟರನ್ನು ಮೊದಲು ಕಲಸಿ, ಸೋಪಿನಿಂದ ತೊಳೆದ ಬಟ್ಟೆಯನ್ನು ಆಮೇಲೆ ಹಾಕಿ, ಹತ್ತು ನಿಮಿಷಕ್ಕೆ ತೆಗೆದು, ನಾಲ್ಕು ನೀರಿನಲ್ಲಿ ಜಾಲಿಸಬೇಕು. ಬಟ್ಟೆಯಲ್ಲಿ ಕ್ಲೋರಿನ್ ಉಳಿದಿದೆಯೇ ಎಂಬುದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು: ತೆಳುಗಂಜಿಗೆ ಪೊಟ್ಯಾಸಿಯಂ ಅಯೊಡೈಡಿನ ಒಂದೆರಡು ಹರಳು ಕರಗಿಸಿ ಒದ್ದೆ ಬಟ್ಟೆಯ ಅಂಚಿಗೆ ಒಂದು ತೊಟ್ಟು ಬಿಟ್ಟರೆ, ಕ್ಲೋರಿನ್ ಇದ್ದಲ್ಲಿ ನೀಲಿಯಾಗುತ್ತದೆ. ನೀಲಿಯಾದರೆ ಮತ್ತೆ ಜಾಲಿಸಬೇಕು. ತೊಟ್ಟು ಬಿಟ್ಟ ಅಂಚನ್ನು ಕೂಡಲೇ ತೊಳೆಯಬೇಕು.

ತಾಯಂದಿರು ಒಂದು ಎಚ್ಚರಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಕ್ಲೋರಿನ್ ಬ್ಲೀಚಿಗೆ ವಿನೆಗರನ್ನಾಗಲಿ, ನಿಂಬೆರಸವನ್ನಾಗಲಿ, ಕಕ್ಕಸು ತೊಳೆಯುವ ಆಸಿಡ್ಡನ್ನಾಗಲಿ ಎಂದೂ ಸೇರಿಸಬಾರದು. ಆಮ್ಲ ಬಿದ್ದೊಡನೆ ಬ್ಲೀಚಿನಿಂದ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಮುಚ್ಚಿದ ಬಚ್ಚಲುಮನೆಯಲ್ಲಿ ಸ್ವಲ್ಪವೇ ಆದರೂ ಶ್ವಾಸಕೋಶವನ್ನು ಸುಡುತ್ತದೆ. ಮಕ್ಕಳು ಮೂತ್ರ ಮಾಡಿದ ಬಟ್ಟೆಯನ್ನೂ ನೀರಿನಲ್ಲಿ ಚೆನ್ನಾಗಿ ತೊಳೆಯದೆ ಬ್ಲೀಚಿಗೆ ಹಾಕಬಾರದು. ಅದರ ಅಮೋನಿಯದೊಡನೆ ಸೇರಿ ಬೇರೊಂದು ವಿಷಾನಿಲ ಹುಟ್ಟುತ್ತದೆ. ಘಾಟು ಮೂಗಿಗೆ ಬಡಿದು ಕೆಮ್ಮು ಬಂದರೆ ಬಕೆಟ್ಟನ್ನು ಮುಟ್ಟುವ ಗೋಜಿಗೆ ಹೋಗದೆ ಒಡನೆ ಬಯಲಿಗೆ ಬರಬೇಕು. ಉಸಿರಾಟದ ತೊಂದರೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಹೇಳಿದ್ದನ್ನು ಒಟ್ಟುಗೂಡಿಸುವುದಾದರೆ: ಬಟ್ಟೆ ಬಿರುಸಾಗಿ ಬೂದುಬಣ್ಣವಾಗಿದ್ದರೆ ವಿನೆಗರ್, ಪೆಟ್ಟಿಗೆಯಲ್ಲಿದ್ದು ಹಳದಿಯಾಗಿದ್ದರೆ ಬಿಸಿನೀರಿನಲ್ಲಿ ಆಕ್ಸಿಜನ್ ಪುಡಿ, ಬೂಷ್ಟು ಅಥವಾ ರೋಗದ ಭಯವಿದ್ದರೆ ಕ್ಲೋರಿನ್, ತುಕ್ಕಿಗೆ ನಿಂಬೆ. ಯಾವುದನ್ನು ಹಾಕುವುದಾದರೂ ಒಳಅಂಚಿನ ಮೂಲೆಯಲ್ಲಿ ಮೊದಲು ಪರೀಕ್ಷಿಸಿರಿ. ಒಂದಾದ ಮೇಲೆ ಒಂದು, ನಡುವೆ ತುಂಬು ನೀರು; ಒಂದೇ ಪಾತ್ರೆಯಲ್ಲಿ ಎರಡು ಎಂದಿಗೂ ಬೇಡ.

ನಮ್ಮ ಮೇಜುಹಾಸುಗಳನ್ನು ಈಗ ಗಂಜಿಯಿಲ್ಲದೆ, ಪೂರ್ತಿ ಒಣಗಿಸಿ, ಮಡಿಸದೆ ಸುರುಳಿ ಸುತ್ತಿ, ಒಗೆದ ಹಳೆಯ ಪಂಚೆಯೊಂದರಲ್ಲಿ ಕಟ್ಟಿ ಇಟ್ಟಿದ್ದೇವೆ. ಗಂಜಿಯನ್ನು ಉತ್ಸವದ ಹಿಂದಿನ ದಿನ ಹಾಕಿದರೆ ಸಾಕು. ಇಂದು ತಾವು ಕುಳಿತಿರುವ ಈ ಸಭೆಯ ಮೇಜುಗಳ ಮೇಲೆ ಹಾಸಿರುವುವು ಅವೇ. ಗೆರೆ ಉಳಿದ ಹಾಸು ಎಡಗಡೆಯ ಮೇಜಿನ ಮೇಲಿದೆ. ಹೋಗುವಾಗ ನೋಡಿ ಹೋಗಬಹುದು.